ನಕ್ಷೆಯ ಬಾಣಗಳು ಮತ್ತು ಆರು ತಿದ್ದುಪಡಿಗಳ ಒಂದು ಇಮೇಲ್: ಪ್ರಕರಣ ಅಧ್ಯಯನ

ಡೆವಲಪರ್ ಒಬ್ಬರು ಡಿಸೈನರ್‌ಗೆ ಬರೆದ ಒಂದು ಇಮೇಲ್ ಈ ಬರಹದ ವಸ್ತು. ಆರ್ಕಿಟೆಕ್ಚರ್ ನಕ್ಷೆಯೊಂದರಲ್ಲಿ ಏನೇನು ತಿದ್ದಬೇಕು, ಏಕೆ ತಿದ್ದಬೇಕು ಎಂಬುದನ್ನು ಆ ಮೇಲ್‌ನಲ್ಲಿ ಅಂಕಿ ಹಾಕಿ ಬರೆಯಲಾಗಿತ್ತು. ದಾಖಲೆಗಳನ್ನು ಒಟ್ಟುಗೂಡಿಸುವ ಹೊಣೆ ನನ್ನದಾಗಿದ್ದುದರಿಂದ ಆ ಇಬ್ಬರ ನಡುವಿನ ಪತ್ರವ್ಯವಹಾರದ ಪ್ರತಿಗಳೆಲ್ಲ ನನಗೂ ಬರುತ್ತಿದ್ದವು. ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಯಾರ ಗುರುತೂ ತಿಳಿಯದಂತೆ ಕೆಲವು ವಿವರಗಳನ್ನು ಬದಲಿಸಿ ಇಲ್ಲಿ ದಾಖಲಿಸುತ್ತಿದ್ದೇನೆ.

## ಹಿನ್ನೆಲೆ

ಹಲವು ಕಾಲೇಜುಗಳನ್ನು ನಡೆಸುವ ಒಂದು ಶಿಕ್ಷಣ ಸಂಸ್ಥೆಗೆ ಬೆಂಗಳೂರಿನ ಸಣ್ಣ ಸಾಫ್ಟ್‌ವೇರ್ ತಂಡವೊಂದು ಶುಲ್ಕ ಪಾವತಿಯ ವೆಬ್‌ಸೈಟ್ ಕಟ್ಟಿಕೊಟ್ಟಿತ್ತು. ಪೋಷಕರು ವಿದ್ಯಾರ್ಥಿಯ ಪ್ರವೇಶ ಸಂಖ್ಯೆಯನ್ನು ನಮೂದಿಸಿ ಬಾಕಿ ಎಷ್ಟಿದೆ ಎಂದು ನೋಡುತ್ತಾರೆ, ಪೇಮೆಂಟ್ ಗೇಟ್‌ವೇಯ ಪುಟಕ್ಕೆ ಹೋಗಿ ಹಣ ಕಟ್ಟುತ್ತಾರೆ, ಬಳಿಕ ಅವರ ಮೊಬೈಲಿಗೆ ಎಸ್‌ಎಂಎಸ್ ಮೂಲಕ ರಸೀದಿ ಸಂಖ್ಯೆ ಬರುತ್ತದೆ. ಒಳಗಿನ ರಚನೆಯೂ ಅಂಥ ಅಸಾಮಾನ್ಯವಾದುದಲ್ಲ. ಮುಂದೆ ಒಂದು ಲೋಡ್ ಬ್ಯಾಲೆನ್ಸರ್, ಅದರ ಹಿಂದೆ ಎರಡು ಆ್ಯಪ್ ಸರ್ವರ್‌ಗಳು, ಪೋಸ್ಟ್‌ಗ್ರೆಸ್‌ನ ಒಂದು ಮುಖ್ಯ ಡೇಟಾಬೇಸ್, ವರದಿಗಳಿಗಾಗಿ ಅದರದೇ ಒಂದು ರೆಪ್ಲಿಕಾ, ಎಸ್‌ಎಂಎಸ್ ಕಳುಹಿಸುವ ಕೆಲಸವನ್ನು ಸಾಲಿನಲ್ಲಿ ಇರಿಸಲು ರ್‍ಯಾಬಿಟ್‌ಎಂಕ್ಯೂ, ಆ ಸಾಲಿನಿಂದ ಕೆಲಸವನ್ನು ಎತ್ತಿಕೊಂಡು ಮಾಡುವ ಒಂದು ವರ್ಕರ್.

ಶಿಕ್ಷಣ ಸಂಸ್ಥೆಯವರು ಭದ್ರತಾ ಪರಿಶೀಲನೆಗೆ ಹೊರಗಿನ ಆಡಿಟರ್‌ಗಳನ್ನು ನೇಮಿಸಿದಾಗ, ಅವರು ಮೊದಲು ಕೇಳಿದ್ದು ಇಡೀ ವ್ಯವಸ್ಥೆಯನ್ನು ಒಂದು ಪುಟದಲ್ಲಿ ತೋರಿಸುವ ನಕ್ಷೆಯನ್ನು. ತಂಡದ ಹಿರಿಯ ಡೆವಲಪರ್ ಬಿಳಿ ಬೋರ್ಡಿನ ಮೇಲೆ ಚಿತ್ರ ಬರೆದು, ಅದರ ಫೋಟೊ ತೆಗೆದು, ಇದೇ ವೆಬ್‌ಸೈಟಿನ ಪರದೆಗಳನ್ನು ಹಿಂದೆ ವಿನ್ಯಾಸ ಮಾಡಿದ್ದ ಮೈಸೂರಿನ ಡಿಸೈನರ್‌ಗೆ ಕಳುಹಿಸಿದರು. ಡಿಸೈನರ್ ಅನುಭವಿ, ಆದರೆ ಅಂತಹ ನಕ್ಷೆಯನ್ನು ಅವರು ಅದುವರೆಗೆ ಬಿಡಿಸಿರಲಿಲ್ಲ. ಬೋರ್ಡಿನ ಫೋಟೊದ ಜೊತೆಗೆ ವಿವರಣೆ ಎನ್ನುವಂಥದ್ದು ಏನೂ ಹೋಗಿರಲಿಲ್ಲ.

## ಸಮಸ್ಯೆ

ಡಿಸೈನರ್ ಕಳುಹಿಸಿದ ನಕ್ಷೆ ನೋಡಲು ಬಹಳ ಚೆನ್ನಾಗಿತ್ತು. ಒಂದು ಬಾಣವೂ ಇನ್ನೊಂದನ್ನು ಅಡ್ಡ ಹಾಯುತ್ತಿರಲಿಲ್ಲ, ಚೌಕಗಳೆಲ್ಲ ಒಂದೇ ಅಳತೆಯಲ್ಲಿದ್ದವು, ಎಡದಿಂದ ಬಲಕ್ಕೆ ಓದಿಕೊಂಡು ಹೋಗುವಂತೆ ಎಲ್ಲವೂ ಸಾಲಾಗಿ ನಿಂತಿದ್ದವು. ಆದರೆ ಅದು ತೋರಿಸುತ್ತಿದ್ದ ವ್ಯವಸ್ಥೆ ನಮ್ಮದಾಗಿರಲಿಲ್ಲ. ಬೋರ್ಡಿನಲ್ಲಿ ತ್ರಿಕೋನಾಕಾರದಲ್ಲಿದ್ದ ಬ್ರೌಸರ್, ಸರ್ವರ್ ಮತ್ತು ಗೇಟ್‌ವೇಗಳನ್ನು ಒಂದೇ ಸಾಲಿಗೆ ತರಲಾಗಿತ್ತು. ಒಳಜಾಲದ ಗಡಿಯನ್ನು ಸೂಚಿಸುತ್ತಿದ್ದ ಚುಕ್ಕೆಗೆರೆ ಅಲಂಕಾರವಾಗಿ ಮಾರ್ಪಟ್ಟಿತ್ತು. ಪುಟದ ಕೆಳಭಾಗದಲ್ಲಿ ಜಾಗ ಸಮವಾಗಲೆಂದು ಡೇಟಾಬೇಸನ್ನು ಆ ಗೆರೆಯ ಹೊರಗೆ ಇಡಲಾಗಿತ್ತು. ಆ್ಯಪ್ ಸರ್ವರ್ ಮತ್ತು ವರ್ಕರ್‌ಗಳ ನಡುವಿನ ಸಣ್ಣ ಚೌಕವಂತೂ ಬರೀ ಗೀಚಿದಂತೆ ಕಂಡಿದ್ದರಿಂದಲೋ ಏನೋ, ಇರಲೇ ಇಲ್ಲ.

ಈ ಪ್ರತಿಯೊಂದು ಬದಲಾವಣೆಯ ಹಿಂದೆಯೂ ವಿನ್ಯಾಸದ ದೃಷ್ಟಿಯಿಂದ ಸರಿಯಾದ ಕಾರಣವಿತ್ತು ಎಂಬುದನ್ನು ಒತ್ತಿ ಹೇಳಬೇಕು. ಗೆರೆಗಳು ಅಡ್ಡ ಹಾಯದಂತೆ ನೋಡಿಕೊಳ್ಳುವುದು, ಅಂಚುಗಳನ್ನು ಹೊಂದಿಸುವುದು, ಓದಲು ಬಾರದ ಗುರುತುಗಳನ್ನು ಕೈಬಿಡುವುದು ಆ ಕಸುಬಿನಲ್ಲಿ ನಿತ್ಯದ ಕೆಲಸ. ಇಂತಹ ನಕ್ಷೆಯಲ್ಲಿ ಒಂದು ಚೌಕ ಗೆರೆಯ ಒಳಗಿದೆಯೋ ಹೊರಗಿದೆಯೋ, ಬಾಣದ ತುದಿ ಯಾವ ಕಡೆಗಿದೆ ಎಂಬುದೇ ವಿಷಯ ಎನ್ನುವುದನ್ನು ಅವರಿಗೆ ಯಾರೂ ಹೇಳಿರಲಿಲ್ಲ.

ಡೆವಲಪರ್ ಮೊದಲು ಬರೆದ ಉತ್ತರ ಎರಡು ವಾಕ್ಯದ್ದು. ಚೆನ್ನಾಗಿ ಬಂದಿದೆ, ಆದರೆ ಕೆಲವು ಬಾಣಗಳು ಸರಿಯಿಲ್ಲ, ಮೂಲ ಚಿತ್ರವನ್ನು ಇನ್ನೊಮ್ಮೆ ನೋಡಿ ಎಂದು ಅದರಲ್ಲಿತ್ತು. ಅದರ ಫಲವಾಗಿ ಬಂದ `arch-v3.pdf` ನಲ್ಲಿ ಎಲ್ಲ ಬಾಣಗಳಿಗೂ ಎರಡೂ ಕಡೆ ತುದಿಗಳಿದ್ದವು. ಯಾವುದು ಸರಿಯಿಲ್ಲ ಎಂದು ತಿಳಿಯದಿದ್ದಾಗ ಎರಡೂ ದಿಕ್ಕುಗಳನ್ನು ತೋರಿಸುವುದು ಸುರಕ್ಷಿತ ಎಂದು ಯಾರಿಗಾದರೂ ಅನ್ನಿಸುತ್ತದೆ. ನಕ್ಷೆ ಮೊದಲಿಗಿಂತಲೂ ಕಡಿಮೆ ಹೇಳತೊಡಗಿತು. ಆಡಿಟರ್‌ಗಳಿಗೆ ದಾಖಲೆ ಕೊಡುವ ದಿನವೂ ಹತ್ತಿರವಾಗುತ್ತಿತ್ತು.

ಆಗ ನಮ್ಮ ಮುಂದಿದ್ದ ದಾರಿಗಳು ಎರಡು: ಡೆವಲಪರ್ ತಾವೇ ಕುಳಿತು ನಕ್ಷೆಯನ್ನು ತಿದ್ದುವುದು, ಇಲ್ಲವೇ ಪ್ರತಿಯೊಂದು ತಪ್ಪನ್ನೂ ಕಾರಣದೊಂದಿಗೆ ಬರೆದು ಕಳುಹಿಸುವುದು. ಮೊದಲನೆಯದು ಬೇಗ ಮುಗಿಯುತ್ತಿತ್ತು. ಆದರೆ ವ್ಯವಸ್ಥೆ ಬದಲಾದಂತೆಲ್ಲ ನಕ್ಷೆಯೂ ಬದಲಾಗಬೇಕು, ಮೂಲ ಕಡತ ಡಿಸೈನರ್ ಬಳಿಯೇ ಇರುತ್ತದೆ. ಹೀಗಾಗಿ ಎರಡನೆಯ ದಾರಿಯನ್ನೇ ಹಿಡಿಯಲಾಯಿತು.

## ಇಮೇಲ್

ಮೇಲ್‌ನ ಮುಖ್ಯ ಭಾಗ ಹೀಗಿತ್ತು. ಹೆಸರುಗಳನ್ನು ಬಿಟ್ಟಿದ್ದೇನೆ.

> ನಮಸ್ಕಾರ ಮೇಡಂ,
>
> `arch-v3.pdf` ನೋಡಿದೆ. ಕೆಳಗೆ ಆರು ತಿದ್ದುಪಡಿಗಳಿವೆ. ಮೊದಲ ಐದನ್ನು ಮಾಡಲೇಬೇಕು, ಏಕೆಂದರೆ ಅವುಗಳಿಂದ ನಕ್ಷೆ ಹೇಳುವ ವಿಷಯವೇ ಬದಲಾಗುತ್ತದೆ. ಆರನೆಯದು ಸಲಹೆ ಮಾತ್ರ, ತೀರ್ಮಾನ ನಿಮ್ಮದು. ಓದುವವರಿಗೆ ಏನು ಕಾಣಬೇಕು ಎಂಬುದನ್ನಷ್ಟೇ ಬರೆದಿದ್ದೇನೆ. ಅದನ್ನು ಎಲ್ಲಿ, ಹೇಗೆ ಕೂರಿಸಬೇಕು ಎಂಬುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು.
>
> ಮೊದಲು ಒಂದು ಮಾತು. ಈ ನಕ್ಷೆಯಲ್ಲಿ ಬಾಣ ಎಂದರೆ ಸಂಪರ್ಕವನ್ನು ಯಾರು ಆರಂಭಿಸುತ್ತಾರೆ ಎಂದು. ಆರಂಭಿಸುವವರ ಕಡೆಯಿಂದ ಹೊರಟು ಇನ್ನೊಬ್ಬರ ಕಡೆಗೆ ಬಾಣದ ತುದಿ ಇರಬೇಕು.
>
> 1. ಬ್ರೌಸರ್, ಆ್ಯಪ್ ಸರ್ವರ್, ಗೇಟ್‌ವೇ ಈಗ ಒಂದೇ ಸಾಲಿನಲ್ಲಿವೆ. ಬ್ರೌಸರ್‌ನಿಂದ ಗೇಟ್‌ವೇಗೆ ನೇರವಾದ ಒಂದು ಬಾಣ ಬೇಕು. ಅದು ನಮ್ಮ ಸರ್ವರನ್ನು ಮುಟ್ಟಬಾರದು. ಕಾರಣ: ಪೋಷಕರು ಕಾರ್ಡ್ ಸಂಖ್ಯೆಯನ್ನು ತುಂಬುವುದು ಗೇಟ್‌ವೇಯ ಪುಟದಲ್ಲಿ. ಅದು ನಮ್ಮ ಸರ್ವರ್‌ಗೆ ಬರುವುದೇ ಇಲ್ಲ. ಈಗಿನ ಸಾಲನ್ನು ನೋಡಿದವರು ಕಾರ್ಡ್ ಸಂಖ್ಯೆ ನಮ್ಮ ಮೂಲಕ ಹಾದುಹೋಗುತ್ತದೆ ಎಂದುಕೊಳ್ಳುತ್ತಾರೆ, ಆಗ ಪರಿಶೀಲನೆಯ ವ್ಯಾಪ್ತಿಯೇ ಬೇರೆಯಾಗುತ್ತದೆ.
>
> 2. ಆ್ಯಪ್ ಸರ್ವರ್ ಮತ್ತು ಗೇಟ್‌ವೇ ನಡುವಿನ ಎರಡು ತುದಿಯ ಬಾಣದ ಬದಲು ಎರಡು ಬೇರೆ ಬೇರೆ ಬಾಣಗಳು ಬೇಕು. ನಮ್ಮಿಂದ ಗೇಟ್‌ವೇಗೆ ಹೋಗುವುದರ ಮೇಲೆ ‘ಆರ್ಡರ್ ರಚನೆ’ ಎಂದೂ, ಗೇಟ್‌ವೇಯಿಂದ ನಮ್ಮ ಕಡೆಗೆ ಬರುವುದರ ಮೇಲೆ ‘ವೆಬ್‌ಹುಕ್’ ಎಂದೂ ಬರೆಯಿರಿ. ವೆಬ್‌ಹುಕ್ ಬಾಣ ಲೋಡ್ ಬ್ಯಾಲೆನ್ಸರ್ ಮೂಲಕವೇ ಒಳಗೆ ಬರಬೇಕು. ಕಾರಣ: ಇವು ಒಂದೇ ಮಾತುಕತೆಯ ಎರಡು ಬದಿಗಳಲ್ಲ. ಹಣ ಸಂದಾಯವಾದ ಮೇಲೆ ಗೇಟ್‌ವೇ ತಾನಾಗಿಯೇ ಹೊಸ ಸಂಪರ್ಕ ತೆರೆದು ನಮಗೆ ತಿಳಿಸುತ್ತದೆ. ಹೊರಗಿನಿಂದ ಒಳಗೆ ಬರುವ ಪ್ರತಿ ದಾರಿಯನ್ನೂ ಆಡಿಟರ್‌ಗಳು ಎಣಿಸುತ್ತಾರೆ.
>
> 3. ಎರಡೂ ಡೇಟಾಬೇಸ್‌ಗಳು ಚುಕ್ಕೆಗೆರೆಯ ಒಳಗೆ ಇರಬೇಕು. ಕಾರಣ: ಆ ಗೆರೆ ನಮ್ಮ ಒಳಜಾಲದ ಗಡಿ. ಹೊರಗಿಟ್ಟರೆ ಡೇಟಾಬೇಸಿನ 5432 ಪೋರ್ಟ್ ಇಂಟರ್‌ನೆಟ್‌ಗೆ ತೆರೆದಿದೆ ಎಂಬ ಅರ್ಥ ಬರುತ್ತದೆ.
>
> 4. ಆ್ಯಪ್ ಸರ್ವರ್ ಮತ್ತು ವರ್ಕರ್ ನಡುವೆ ‘ಕ್ಯೂ’ ಎಂಬ ಚೌಕ ಬೇಕು. ಆ್ಯಪ್ ಸರ್ವರ್‌ನಿಂದ ಕ್ಯೂಗೆ, ಕ್ಯೂನಿಂದ ವರ್ಕರ್‌ಗೆ, ವರ್ಕರ್‌ನಿಂದ ಎಸ್‌ಎಂಎಸ್ ಸೇವೆಗೆ ಬಾಣಗಳಿರಲಿ. ಕಾರಣ: ಎಸ್‌ಎಂಎಸ್ ಸೇವೆ ನಿಧಾನವಾದರೂ, ನಿಂತೇ ಹೋದರೂ ಪಾವತಿ ನಿಲ್ಲುವುದಿಲ್ಲ. ಕ್ಯೂ ಕಾಣದಿದ್ದರೆ ಪ್ರತಿ ಪಾವತಿಯೂ ಎಸ್‌ಎಂಎಸ್ ಹೋಗುವವರೆಗೆ ಕಾಯುತ್ತದೆ ಎಂದು ಓದುವವರು ತಿಳಿಯುತ್ತಾರೆ.
>
> 5. ಮುಖ್ಯ ಡೇಟಾಬೇಸಿನಿಂದ ರೆಪ್ಲಿಕಾ ಕಡೆಗೆ ಒಂದೇ ತುದಿಯ ಬಾಣವಿರಲಿ. ಆ್ಯಪ್ ಸರ್ವರ್‌ನಿಂದ ರೆಪ್ಲಿಕಾಗೆ ಹೋಗುವ ಬಾಣದ ಮೇಲೆ ‘ವರದಿಗಳು ಮಾತ್ರ’ ಎಂದು ಬರೆಯಿರಿ. ಕಾರಣ: ರೆಪ್ಲಿಕಾ ಮುಖ್ಯ ಡೇಟಾಬೇಸಿಗಿಂತ ಸ್ವಲ್ಪ ಹಿಂದೆ ಇರಬಹುದು. ಶುಲ್ಕದ ಬಾಕಿಯನ್ನು ಅಲ್ಲಿಂದ ಓದಿದರೆ, ಈಗಷ್ಟೇ ಹಣ ಕಟ್ಟಿದ ಪೋಷಕರಿಗೆ ಇನ್ನೂ ಬಾಕಿಯಿದೆ ಎಂದು ಕಂಡು, ಅವರು ಎರಡನೆಯ ಸಲ ಕಟ್ಟಿಬಿಡಬಹುದು. ಹಾಗೆ ಓದುತ್ತಿಲ್ಲ ಎಂಬುದು ನಕ್ಷೆಯಲ್ಲಿ ಕಾಣಬೇಕು.
>
> 6. (ಸಲಹೆ) ಒಳಗಿನ ಬಾಣಗಳಿಗೆ ಹಸಿರು, ಹೊರಗಿನವಕ್ಕೆ ಕೆಂಪು ಬಳಸಿದ್ದೀರಿ. ಕಪ್ಪು-ಬಿಳುಪಿನಲ್ಲಿ ಪ್ರಿಂಟ್ ತೆಗೆದರೆ ವ್ಯತ್ಯಾಸ ತಿಳಿಯುವುದಿಲ್ಲ. ಬೇರೆ ದಾರಿ ಇದ್ದರೆ ನೋಡಿ.
>
> ಯಾವುದಾದರೂ ಸ್ಪಷ್ಟವಾಗದಿದ್ದರೆ ಅದರ ಅಂಕಿ ಹಾಕಿ ಕೇಳಿ, ತಕ್ಷಣ ಉತ್ತರಿಸುತ್ತೇನೆ.

ಒಂದನೆಯ ತಿದ್ದುಪಡಿಯ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕಾಗುತ್ತದೆ, ಏಕೆಂದರೆ ಒಂದು ಬಾಣಕ್ಕೆ ಎಷ್ಟು ತೂಕವಿರುತ್ತದೆ ಎಂಬುದು ಅಲ್ಲಿಯೇ ಚೆನ್ನಾಗಿ ತಿಳಿಯುತ್ತದೆ. ಕಾರ್ಡ್ ಪಾವತಿಗೆ ಸಂಬಂಧಿಸಿದ ಪಿಸಿಐ ಡಿಎಸ್‌ಎಸ್ ಎಂಬ ಮಾನದಂಡದಲ್ಲಿ ವ್ಯಾಪಾರಿಗಳು ತಾವೇ ತುಂಬುವ ಪ್ರಶ್ನಾವಳಿಗಳು ಹಲವು ಬಗೆಯವಿವೆ. ಗ್ರಾಹಕರನ್ನು ಗೇಟ್‌ವೇಯ ಪುಟಕ್ಕೆ ಕಳುಹಿಸಿ, ಕಾರ್ಡ್ ವಿವರವನ್ನು ತಾವು ಮುಟ್ಟದೆ ಇರುವ ವೆಬ್‌ಸೈಟುಗಳಿಗೆ ಅನ್ವಯಿಸುವುದು `SAQ A`, ಅದು ಚಿಕ್ಕದು. ಕಾರ್ಡ್ ಸಂಖ್ಯೆ ತಮ್ಮ ಸರ್ವರ್ ಮೂಲಕವೇ ಹಾದುಹೋಗುವುದಾದರೆ `SAQ D` ತುಂಬಬೇಕಾಗುತ್ತದೆ. ಅದು ಮಾನದಂಡದ ಬಹುತೇಕ ಎಲ್ಲ ಅಂಶಗಳನ್ನೂ ಒಳಗೊಂಡ ದೊಡ್ಡ ಪ್ರಶ್ನಾವಳಿ. ಇದರ ಜೊತೆಗೆ, 2022ರ ಅಕ್ಟೋಬರ್ 1ರಿಂದ ಭಾರತದಲ್ಲಿ ಕಾರ್ಡ್ ನೀಡುವ ಬ್ಯಾಂಕುಗಳು ಮತ್ತು ಕಾರ್ಡ್ ಜಾಲಗಳನ್ನು ಬಿಟ್ಟು ಬೇರೆ ಯಾರೂ ಗ್ರಾಹಕರ ಕಾರ್ಡ್ ವಿವರಗಳನ್ನು ಸಂಗ್ರಹಿಸಿಡಬಾರದು ಎಂಬ ರಿಸರ್ವ್ ಬ್ಯಾಂಕಿನ ನಿಯಮ ಜಾರಿಯಲ್ಲಿದೆ. ಮೂರು ಚೌಕಗಳನ್ನು ಒಂದೇ ಸಾಲಿಗೆ ತಂದ ನಕ್ಷೆಯನ್ನು ಹಾಗೆಯೇ ಕೊಟ್ಟಿದ್ದರೆ, ಕಾರ್ಡ್ ಸಂಖ್ಯೆ ನಿಮ್ಮ ಲಾಗ್‌ಗಳಲ್ಲಿ ಉಳಿಯುತ್ತದೆಯೇ, ಡೇಟಾಬೇಸಿನಲ್ಲಿ ಉಳಿಯುತ್ತದೆಯೇ ಎಂಬ ಪ್ರಶ್ನೆಗಳು ಸಹಜವಾಗಿಯೇ ಬರುತ್ತಿದ್ದವು, ಅದೂ ಕಾರ್ಡ್ ಸಂಖ್ಯೆ ಎಂದೂ ಮುಟ್ಟದ ಸರ್ವರಿನ ಬಗ್ಗೆ.

## ಡಿಸೈನರ್ ಅವರ ಉತ್ತರ

ಮರುದಿನ ಬಂದ ಉತ್ತರವೂ ಅಂಕಿಗಳ ಕ್ರಮದಲ್ಲೇ ಇತ್ತು. ಒಂದರಿಂದ ನಾಲ್ಕರವರೆಗಿನವು ಮುಗಿದಿವೆ ಎಂದು ಬರೆದು, ಅವುಗಳನ್ನು ಕೂರಿಸಿದ ಬಗೆಯನ್ನು ವಿವರಿಸಿದ್ದರು. ಗೇಟ್‌ವೇಯನ್ನು ಪುಟದ ಮೇಲ್ಭಾಗದ ನಡುವಿಗೆ ಒಯ್ದು, ಬ್ರೌಸರ್‌ನಿಂದ ಹೊರಡುವ ಬಾಣ ಗಡಿಗೆರೆಯ ಹೊರಗಿನಿಂದಲೇ ಸುತ್ತಿಕೊಂಡು ಹೋಗುವಂತೆ ಮಾಡಿದ್ದರು. ಕಾರ್ಡ್ ಸಂಖ್ಯೆ ನಮ್ಮ ಗಡಿಯೊಳಗೆ ಕಾಲಿಡುವುದಿಲ್ಲ ಎಂಬುದು ಬೋರ್ಡಿನ ಚಿತ್ರಕ್ಕಿಂತಲೂ ಇದರಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಗೇಟ್‌ವೇ ಚೌಕವನ್ನು ಮೇಲಕ್ಕೆ ಒಯ್ಯಿರಿ ಎಂದು ಡೆವಲಪರ್ ಬರೆದಿದ್ದರೆ ಚೌಕವಷ್ಟೇ ಮೇಲೆ ಹೋಗುತ್ತಿತ್ತು. ಬಾಣ ನಮ್ಮ ಸರ್ವರನ್ನು ಮುಟ್ಟಬಾರದು ಎಂದೂ, ಅದು ಏಕೆ ಎಂದೂ ಬರೆದಿದ್ದರಿಂದ ಡಿಸೈನರ್‌ಗೆ ಗಡಿಗೆರೆಯನ್ನೇ ಬಳಸಿಕೊಳ್ಳುವುದು ಹೊಳೆಯಿತು.

ಐದನೆಯದಕ್ಕೆ ಮಾತ್ರ ಅವರು ತಿದ್ದುಪಡಿ ಮಾಡಿರಲಿಲ್ಲ. ಅಲ್ಲಿ ಒಂದು ಪ್ರಶ್ನೆಯಿತ್ತು:

> ಸರ್, ಬಾಣ ಎಂದರೆ ಸಂಪರ್ಕ ಆರಂಭಿಸುವವರಿಂದ ಹೊರಡುವುದು ಎಂದು ಮೇಲೆ ಬರೆದಿದ್ದೀರಿ. ಐದರಲ್ಲಿ ಮುಖ್ಯ ಡೇಟಾಬೇಸಿನಿಂದ ರೆಪ್ಲಿಕಾ ಕಡೆಗೆ ಬಾಣ ಹಾಕಲು ಹೇಳಿದ್ದೀರಿ. ಹಾಗಾದರೆ ಮುಖ್ಯ ಡೇಟಾಬೇಸೇ ರೆಪ್ಲಿಕಾವನ್ನು ಸಂಪರ್ಕಿಸುತ್ತದೆಯೇ? ಅಥವಾ ಇಲ್ಲಿ ಬಾಣಕ್ಕೆ ಮಾಹಿತಿ ಹೋಗುವ ದಿಕ್ಕು ಎಂಬ ಅರ್ಥವೇ? ಎರಡರಲ್ಲಿ ಯಾವುದು ಎಂದು ತಿಳಿಸಿದ ಮೇಲೆ ಬಿಡಿಸುತ್ತೇನೆ.

ಇಡೀ ಪ್ರಕರಣ ತಿರುವು ಪಡೆದದ್ದು ಈ ಪ್ರಶ್ನೆಯಿಂದ. ಪೋಸ್ಟ್‌ಗ್ರೆಸ್‌ನ ಸ್ಟ್ರೀಮಿಂಗ್ ರೆಪ್ಲಿಕೇಶನ್‌ನಲ್ಲಿ ಸಂಪರ್ಕವನ್ನು ಆರಂಭಿಸುವುದು ರೆಪ್ಲಿಕಾ. ಅದು ಮುಖ್ಯ ಡೇಟಾಬೇಸಿನ 5432 ಪೋರ್ಟಿಗೆ ಸಂಪರ್ಕ ಬೆಳೆಸಿದ ಮೇಲೆ, ಅದೇ ಸಂಪರ್ಕದ ಮೇಲೆ ಬದಲಾವಣೆಗಳ ದಾಖಲೆಗಳು ಮುಖ್ಯ ಡೇಟಾಬೇಸಿನಿಂದ ರೆಪ್ಲಿಕಾ ಕಡೆಗೆ ಹರಿದು ಬರುತ್ತವೆ. ಸಂಪರ್ಕದ ದಿಕ್ಕು ಒಂದು, ಮಾಹಿತಿಯ ದಿಕ್ಕು ಅದಕ್ಕೆ ವಿರುದ್ಧ. ಇದಕ್ಕೆ ಸಾಕ್ಷಿಯಾಗಿ ಡೆವಲಪರ್ ಮುಖ್ಯ ಡೇಟಾಬೇಸಿನ `pg_hba.conf` ಕಡತದ ಒಂದು ಸಾಲನ್ನು ಉತ್ತರದಲ್ಲಿ ಸೇರಿಸಿದರು:

```
host  replication  repl_user  10.0.2.12/32  scram-sha-256
```

10.0.2.12 ರೆಪ್ಲಿಕಾದ ವಿಳಾಸ. ಅಲ್ಲಿಂದ ಬರುವ ಸಂಪರ್ಕಕ್ಕೆ ಮುಖ್ಯ ಡೇಟಾಬೇಸ್ ಅನುಮತಿ ಕೊಡುತ್ತಿದೆ ಎಂದರೆ ಬಾಗಿಲು ತಟ್ಟುವುದು ರೆಪ್ಲಿಕಾ ಎಂದೇ ಅರ್ಥ. ತಮ್ಮ ನಿಯಮದ ಪ್ರಕಾರವೇ ಹೋದರೆ ಬಾಣ ರೆಪ್ಲಿಕಾದಿಂದ ಮುಖ್ಯ ಡೇಟಾಬೇಸಿನ ಕಡೆಗೆ ಇರಬೇಕು ಎಂದು ಅವರು ಒಪ್ಪಿಕೊಂಡರು. ಹಾಗೆಯೇ ನಾಲ್ಕನೆಯದನ್ನೂ ಮತ್ತೆ ನೋಡಿದರು. ರ್‍ಯಾಬಿಟ್‌ಎಂಕ್ಯೂನಲ್ಲಿಯೂ ವರ್ಕರ್ ತಾನೇ ಕ್ಯೂವಿನ 5672 ಪೋರ್ಟಿಗೆ ಸಂಪರ್ಕ ಬೆಳೆಸಿ ಕಾಯುತ್ತಿರುತ್ತದೆ. ಆ ಸಂಪರ್ಕದ ಮೇಲೆ ಕೆಲಸಗಳು ವರ್ಕರ್ ಕಡೆಗೆ ಬರುತ್ತವೆ. ಮೇಲ್‌ನಲ್ಲಿ ಬರೆದಿದ್ದ ‘ಕ್ಯೂನಿಂದ ವರ್ಕರ್‌ಗೆ’ ಎಂಬ ಬಾಣ ಮಾಹಿತಿಯ ದಿಕ್ಕಿನದೇ ಹೊರತು ಸಂಪರ್ಕದ ದಿಕ್ಕಿನದಲ್ಲ.

## ಎರಡು ಅರ್ಥಗಳ ನಡುವೆ ಆಯ್ಕೆ

ಒಂದು ಅರ್ಥವನ್ನೇ ಹಿಡಿದು ಎಲ್ಲವನ್ನೂ ತಿದ್ದುವುದು ಎದುರಿಗೆ ಕಾಣುವ ಪರಿಹಾರ. ಆದರೆ ಯಾವ ಅರ್ಥವನ್ನು ಹಿಡಿದರೂ ಏನೋ ಒಂದು ಕೈಬಿಟ್ಟುಹೋಗುತ್ತಿತ್ತು. ಬಾಣಗಳೆಲ್ಲ ಸಂಪರ್ಕವನ್ನೇ ತೋರಿಸಲಿ ಎಂದರೆ ಫೈರ್‌ವಾಲ್ ನಿಯಮಗಳನ್ನು ನಕ್ಷೆಯ ಜೊತೆ ಒಂದೊಂದಾಗಿ ಹೋಲಿಸಿ ನೋಡಬಹುದು. ಆದರೆ ರೆಪ್ಲಿಕಾದಿಂದ ಮುಖ್ಯ ಡೇಟಾಬೇಸಿಗೆ ಹೋಗುವ ಬಾಣವನ್ನು ಕಂಡ ಬಹುಪಾಲು ಓದುಗರು ರೆಪ್ಲಿಕಾ ಅಲ್ಲಿಗೆ ಏನನ್ನೋ ಬರೆಯುತ್ತಿದೆ ಎಂದು ತಿಳಿಯುತ್ತಾರೆ. ಮಾಹಿತಿಯ ಹರಿವನ್ನೇ ತೋರಿಸಲಿ ಎಂದರೆ ವಿದ್ಯಾರ್ಥಿಯ ವಿವರ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದು ತಿಳಿಯುತ್ತದೆ. ಆದರೆ ಎರಡನೆಯ ತಿದ್ದುಪಡಿಯ ಕಾರಣವೇ ಬಿದ್ದುಹೋಗುತ್ತದೆ. ಆರ್ಡರ್ ರಚಿಸುವಾಗ ಗೇಟ್‌ವೇ ಕೊಡುವ ಉತ್ತರವೂ ನಮ್ಮ ಕಡೆಗೆ ಬರುವ ಮಾಹಿತಿಯೇ, ವೆಬ್‌ಹುಕ್ ಕೂಡ ನಮ್ಮ ಕಡೆಗೆ ಬರುವ ಮಾಹಿತಿಯೇ. ಇವುಗಳಲ್ಲಿ ಒಂದಕ್ಕೆ ಮಾತ್ರ ನಾವು ಹೊರಗಿನಿಂದ ಬಾಗಿಲು ತೆರೆದಿಡಬೇಕು ಎಂಬ ವ್ಯತ್ಯಾಸ ಅಂಥ ನಕ್ಷೆಯಲ್ಲಿ ಅಳಿಸಿಹೋಗುತ್ತದೆ.

ಪಿಸಿಐ ಡಿಎಸ್‌ಎಸ್‌ನ 4.0 ಆವೃತ್ತಿ ಇವೆರಡನ್ನೂ ಬೇರೆ ಬೇರೆ ನಕ್ಷೆಗಳಾಗಿಯೇ ಹೆಸರಿಸುತ್ತದೆ ಎಂಬುದು ಈ ಹಂತದಲ್ಲಿ ನಮಗೆ ನೆರವಾಯಿತು. ಅದರ 1.2.3 ಜಾಲದ ಸಂಪರ್ಕಗಳ ನಕ್ಷೆಯ ಬಗ್ಗೆ, 1.2.4 ಕಾರ್ಡ್ ದತ್ತಾಂಶದ ಹರಿವಿನ ನಕ್ಷೆಯ ಬಗ್ಗೆ ಹೇಳುತ್ತವೆ. ನಮಗೆ ಅನ್ವಯಿಸುತ್ತಿದ್ದುದು `SAQ A` ಆದ್ದರಿಂದ ಆ ಎರಡು ಅಂಶಗಳು ಕಡ್ಡಾಯವಾಗಿರಲಿಲ್ಲ. ಆದರೂ ಆ ವಿಂಗಡಣೆ ನಮ್ಮ ತೊಡಕಿಗೆ ಸರಿಯಾಗಿ ಹೊಂದುತ್ತಿತ್ತು. ಒಂದು ಪುಟದ ನಕ್ಷೆ ಎಂದು ಕೇಳಿದ್ದ ಆಡಿಟರ್‌ಗಳನ್ನೇ ನಾನು ವಿಚಾರಿಸಿದಾಗ, ಎರಡು ಪುಟವಾದರೂ ಅಡ್ಡಿಯಿಲ್ಲ, ಸ್ಪಷ್ಟವಾಗಿದ್ದರೆ ಸಾಕು ಎಂದರು. ಮೊದಲ ಪುಟದಲ್ಲಿ ಸಂಪರ್ಕಗಳು, ಪ್ರತಿ ಬಾಣದ ಮೇಲೆ ಪೋರ್ಟ್ ಸಂಖ್ಯೆ. ಎರಡನೆಯ ಪುಟದಲ್ಲಿ ಮಾಹಿತಿಯ ಹರಿವು, ಪ್ರತಿ ಬಾಣದ ಮೇಲೆ ಯಾವ ಮಾಹಿತಿ ಎಂಬ ಹೆಸರು. ಎರಡೂ ಪುಟಗಳಲ್ಲಿ ಚೌಕಗಳು ಅದದೇ ಜಾಗದಲ್ಲಿರಬೇಕು ಎಂದು ಡಿಸೈನರ್ ಪಟ್ಟು ಹಿಡಿದರು. ಒಂದು ಪುಟದಿಂದ ಇನ್ನೊಂದಕ್ಕೆ ಕಣ್ಣು ಹಾಯಿಸಿದಾಗ ಬಾಣಗಳಷ್ಟೇ ಬದಲಾದಂತೆ ಕಾಣಬೇಕು ಎಂಬುದು ಅವರ ವಾದ, ಅದು ಸರಿಯೇ ಆಗಿತ್ತು. ಪ್ರತಿ ಪುಟದ ಮೂಲೆಯಲ್ಲಿ, ಈ ಪುಟದಲ್ಲಿ ಬಾಣಕ್ಕೆ ಏನು ಅರ್ಥ ಎಂಬ ಒಂದು ಸಾಲನ್ನೂ ಅವರು ಸೇರಿಸಿದರು.

ಆರನೆಯ ಸಲಹೆಗೆ ಅವರು ಬಣ್ಣವನ್ನು ಉಳಿಸಿಕೊಂಡೇ ಪರಿಹಾರ ಕಂಡುಕೊಂಡಿದ್ದರು. ಗಡಿಯನ್ನು ದಾಟುವ ಬಾಣಗಳೆಲ್ಲ ದಪ್ಪ, ಗಡಿಯೊಳಗಿನವು ತೆಳು.

## ಡಿಸೈನರ್ ಕಂಡ ಏಳನೆಯ ತಪ್ಪು

ಉತ್ತರದ ಕೊನೆಯಲ್ಲಿ ಯಾವ ಅಂಕಿಗೂ ಸೇರದ ಇನ್ನೊಂದು ಪ್ರಶ್ನೆಯಿತ್ತು. ಗೇಟ್‌ವೇ ತಾನಾಗಿ ಸಂಪರ್ಕ ತೆರೆದು ಪಾವತಿಯಾಯಿತೆಂದು ತಿಳಿಸುವಂತೆ, ಎಸ್‌ಎಂಎಸ್ ಸೇವೆಯೂ ಏನನ್ನಾದರೂ ತಿಳಿಸುತ್ತದೆಯೇ ಎಂದು ಅವರು ಕೇಳಿದ್ದರು. ಹಾಗೆ ಕೇಳಲು ಅವರಿಗೆ ಕಾರಣವಿತ್ತು. ಕಾಲೇಜಿನ ಕಚೇರಿಯವರು ನೋಡುವ ರಸೀದಿ ಪರದೆಯನ್ನು ವಿನ್ಯಾಸ ಮಾಡಿದ್ದವರು ಅವರೇ; ಅದರಲ್ಲಿ ಸಂದೇಶ ತಲುಪಿದ ಮೇಲೆ ಹಸಿರು ಟಿಕ್ ಗುರುತು ಮೂಡುತ್ತದೆ. ತಲುಪಿದ್ದು ಸರ್ವರ್‌ಗೆ ಹೇಗೆ ಗೊತ್ತಾಗುತ್ತದೆ ಎಂದರೆ ಯಾರೋ ಬಂದು ಹೇಳಿರಬೇಕು, ಆದರೆ ನಕ್ಷೆಯಲ್ಲಿ ಆ ಬಾಣ ಇಲ್ಲ ಎಂದು ಅವರು ಬರೆದಿದ್ದರು.

ಬೋರ್ಡಿನ ಚಿತ್ರದಲ್ಲಿಯೂ ಆ ಬಾಣ ಇರಲಿಲ್ಲ. ಎಸ್‌ಎಂಎಸ್ ಸೇವೆಯವರು ಪ್ರತಿ ಸಂದೇಶದ ತಲುಪುವಿಕೆಯ ವರದಿಯನ್ನು ನಮ್ಮ ಸರ್ವರಿನ ಒಂದು ವಿಳಾಸಕ್ಕೆ ಕಳುಹಿಸುತ್ತಿದ್ದರು. ಡೆವಲಪರ್ ಆ ಭಾಗದ ಕೋಡನ್ನು ತೆರೆದು ನೋಡಿದಾಗ ಇನ್ನೊಂದು ವಿಷಯ ಬೆಳಕಿಗೆ ಬಂತು. ಗೇಟ್‌ವೇಯಿಂದ ಬರುವ ವೆಬ್‌ಹುಕ್ ನಿಜಕ್ಕೂ ಅವರದೇ ಎಂದು ಖಚಿತಪಡಿಸಿಕೊಳ್ಳಲು, ಇಬ್ಬರಿಗೆ ಮಾತ್ರ ತಿಳಿದಿರುವ ರಹಸ್ಯ ಕೀಲಿಯಿಂದ `HMAC-SHA256` ಸಹಿಯನ್ನು ಲೆಕ್ಕ ಹಾಕಿ ಹೋಲಿಸಲಾಗುತ್ತಿತ್ತು. ಎಸ್‌ಎಂಎಸ್ ವರದಿಯ ವಿಳಾಸಕ್ಕೆ ಮಾತ್ರ ಅಂತಹ ಯಾವ ತಪಾಸಣೆಯೂ ಇರಲಿಲ್ಲ. ವಿಳಾಸ ತಿಳಿದ ಯಾರಾದರೂ ಸುಳ್ಳು ವರದಿ ಕಳುಹಿಸಬಹುದಿತ್ತು. ಅದರಿಂದ ಹಣಕ್ಕೆ ಅಪಾಯವಿರಲಿಲ್ಲ. ತಲುಪದ ಸಂದೇಶವನ್ನು ತಲುಪಿದೆ ಎಂದು ತೋರಿಸಬಹುದಿತ್ತು, ಅಷ್ಟೆ. ಆದರೂ ಅದು ಹೊರಗಿನಿಂದ ಒಳಗೆ ಬರುವ, ಯಾರೂ ಕಾಯದ ಒಂದು ದಾರಿ. ಎಸ್‌ಎಂಎಸ್ ಸೇವೆಯ ಗೊತ್ತಾದ ಐಪಿ ವಿಳಾಸಗಳಿಂದ ಬಂದದ್ದನ್ನು ಮಾತ್ರ ಸ್ವೀಕರಿಸುವಂತೆ ಲೋಡ್ ಬ್ಯಾಲೆನ್ಸರಿನಲ್ಲಿ ನಿಯಮ ಹಾಕಿ, ವಿಳಾಸದಲ್ಲಿ ಊಹಿಸಲಾಗದ ಒಂದು ಟೋಕನ್ ಸೇರಿಸಿ ಅದನ್ನು ಮುಚ್ಚಲಾಯಿತು. ಬಳಿಕ ಏಳನೆಯ ತಿದ್ದುಪಡಿಯಾಗಿ ಆ ಬಾಣ ಮೊದಲ ಪುಟಕ್ಕೆ ಸೇರಿತು.

ಈ ತಪ್ಪನ್ನು ಹುಡುಕಲು ಬೇಕಾಗಿದ್ದ ಎರಡು ತುಣುಕುಗಳು ಇಬ್ಬರ ಬಳಿ ಹಂಚಿಹೋಗಿದ್ದವು. ಹೊರಗಿನವರು ತಾವಾಗಿ ಸಂಪರ್ಕ ತೆರೆಯುವುದು ಬೇರೆಯೇ ಒಂದು ಸಂಗತಿ ಎಂಬುದು ಡೆವಲಪರ್‌ಗೆ ಗೊತ್ತಿತ್ತು; ಪರದೆಯ ಮೇಲೆ ಟಿಕ್ ಗುರುತು ಇದೆ ಎಂಬುದು ಡಿಸೈನರ್ ಕಣ್ಣಿನಲ್ಲಿ ಉಳಿದಿತ್ತು. ಎರಡನೆಯ ತಿದ್ದುಪಡಿಯ ಕೆಳಗೆ ಕಾರಣ ಬರೆದಿರದಿದ್ದರೆ, ಒಂದು ಬಾಣವನ್ನು ಎರಡಾಗಿಸಿ ಎಂಬುದಷ್ಟೇ ಡಿಸೈನರ್‌ಗೆ ತಲುಪುತ್ತಿತ್ತು. ಆ ವಿಚಾರವನ್ನು ಬೇರೊಂದು ಚೌಕಕ್ಕೆ ಒಯ್ದು ನೋಡಲು ಅವರಿಗೆ ಯಾವ ಆಧಾರವೂ ಇರುತ್ತಿರಲಿಲ್ಲ.

## ಫಲಿತಾಂಶ ಮತ್ತು ಮಿತಿಗಳು

ಎರಡು ಪುಟಗಳ ನಕ್ಷೆಯನ್ನು ಆಡಿಟರ್‌ಗಳಿಗೆ ಕೊಟ್ಟ ಮೇಲೆ ನಕ್ಷೆಯ ಬಗ್ಗೆ ಬಂದದ್ದು ಒಂದೇ ಪ್ರಶ್ನೆ. ವೆಬ್‌ಹುಕ್ ಒಂದಕ್ಕಿಂತ ಹೆಚ್ಚು ಸಲ ಬಂದರೆ ಏನಾಗುತ್ತದೆ ಎಂದು ಅವರು ಕೇಳಿದರು. ನಮ್ಮಿಂದ ಸಮಯಕ್ಕೆ ಸರಿಯಾಗಿ ಉತ್ತರ ಸಿಗದಿದ್ದರೆ ಗೇಟ್‌ವೇ ಅದೇ ಸುದ್ದಿಯನ್ನು ಮತ್ತೆ ಕಳುಹಿಸುತ್ತದೆ. ಪಾವತಿಯ ಗುರುತು ಸಂಖ್ಯೆ ಡೇಟಾಬೇಸಿನಲ್ಲಿ ಒಂದೇ ಸಲ ದಾಖಲಾಗುವಂತೆ ನಿರ್ಬಂಧವಿದ್ದುದರಿಂದ ಎರಡನೆಯದು ಯಾವ ಬದಲಾವಣೆಯನ್ನೂ ಮಾಡುತ್ತಿರಲಿಲ್ಲ. ಕಾರ್ಡ್ ಸಂಖ್ಯೆ ಎಲ್ಲಿ ಉಳಿಯುತ್ತದೆ ಎಂಬ ಪ್ರಶ್ನೆ ಬರಲಿಲ್ಲ.

ಆ ಮೇಲ್ ಕೆಲಸಕ್ಕೆ ಬಂದದ್ದು ಏಕೆ ಎಂದು ನೋಡಿದರೆ, ಅಂಕಿಗಳಿಗಿಂತ ಹೆಚ್ಚಾಗಿ ನನಗೆ ಕಾಣುವುದು ಅದರಲ್ಲಿದ್ದ ಎರಡು ತೀರ್ಮಾನಗಳು. ಕಡ್ಡಾಯವಾದವನ್ನೂ ಸಲಹೆಯನ್ನೂ ಬೇರ್ಪಡಿಸಿದ್ದರಿಂದ ಡಿಸೈನರ್‌ಗೆ ತಮ್ಮ ಸ್ವಾತಂತ್ರ್ಯ ಎಲ್ಲಿಯವರೆಗೆ ಎಂಬುದು ಸ್ಪಷ್ಟವಾಯಿತು. ಬಾಣದ ಅರ್ಥವನ್ನು ಪಟ್ಟಿಗೂ ಮೊದಲೇ ಒಂದು ಸಾಲಿನಲ್ಲಿ ಬರೆದಿದ್ದರಿಂದ, ಆ ಸಾಲಿಗೆ ಹೊಂದದ್ದನ್ನು ಅವರು ಗುರುತಿಸಲು ಸಾಧ್ಯವಾಯಿತು. ಅಂಕಿಗಳಿಂದಾದ ಉಪಯೋಗ ಬೇರೆ ಬಗೆಯದು. ‘ಐದರಲ್ಲಿ’ ಎಂದೊಡನೆ ಯಾವ ಬಾಣ ಎಂದು ಇಬ್ಬರಿಗೂ ತಿಳಿಯುತ್ತಿತ್ತು, ಮುಗಿದವು ಯಾವುವು ಉಳಿದವು ಯಾವುವು ಎಂದು ನನಗೂ ಲೆಕ್ಕ ಸಿಗುತ್ತಿತ್ತು.

ಇಂತಹ ಮೇಲ್‌ಗೆ ಒಂದು ಮಿತಿಯೂ ಇದೆ. ನಕ್ಷೆಯ ಬಹುಭಾಗ ಸರಿಯಾಗಿದ್ದು ಕೆಲವೇ ಕಡೆ ತಪ್ಪಿದ್ದಾಗ ಮಾತ್ರ ಇದು ನಡೆಯುತ್ತದೆ. ತಪ್ಪುಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೆ, ಮೂರನೆಯದನ್ನು ತಿದ್ದಿದಾಗ ಏಳನೆಯದು ಅರ್ಥ ಕಳೆದುಕೊಳ್ಳುತ್ತದೆ, ಪಟ್ಟಿ ಓದುವವರಿಗೆ ಯಾವ ಸ್ಥಿತಿಯ ನಕ್ಷೆಯ ಬಗ್ಗೆ ಮಾತನಾಡುತ್ತಿದ್ದೇವೆ ಎಂಬುದೇ ತಿಳಿಯದಾಗುತ್ತದೆ. ಮುಂದೆ ಅದೇ ತಂಡ ವಿದ್ಯಾರ್ಥಿವೇತನದ ಭಾಗವನ್ನು ಪ್ರತ್ಯೇಕ ಸೇವೆಯಾಗಿ ಬೇರ್ಪಡಿಸಿದಾಗ ಬದಲಾಗದೆ ಉಳಿದ ಬಾಣಗಳು ಕಡಿಮೆಯಿದ್ದವು. ಡೆವಲಪರ್ ಆಗ ತಿದ್ದುಪಡಿಗಳ ಪಟ್ಟಿ ಮಾಡಲಿಲ್ಲ. ಬೋರ್ಡಿನ ಮೇಲೆ ಹೊಸದಾಗಿ ಎರಡು ಚಿತ್ರಗಳನ್ನು ಬರೆದರು, ಪ್ರತಿಯೊಂದರ ಮೂಲೆಯಲ್ಲಿ ಬಾಣದ ಅರ್ಥವನ್ನು ಬರೆದರು, ಫೋಟೊಗಳ ಜೊತೆಗೆ ಹೊರಗಿನಿಂದ ಒಳಗೆ ಬರುವ ಎಲ್ಲ ಸಂಪರ್ಕಗಳ ಪಟ್ಟಿಯನ್ನೂ ಕಳುಹಿಸಿದರು.